ಕ್ವಾರ್ಟರ್ ಲೆಕ್ಕ ಬಿಡಿ, 30 ಎಂಎಲ್ ಲೆಕ್ಕ ಹಿಡಿಯಿರಿ

ಕುಡಿತ ಕಡಿಮೆ ಮಾಡಲು ಹೊರಟವರಿಗೆ ಮೊದಲೇ ಒಂದು ಮಾತು. ಬೆಳಿಗ್ಗೆ ಕೈ ನಡುಗುವವರು, ಬೆವರುವವರು, ಒಂದು ಗುಟುಕು ಒಳಗೆ ಹೋದರಷ್ಟೇ ಸರಿಹೋಗುವವರು ಇದನ್ನು ಮನೆಯಲ್ಲೇ ಮಾಡಲು ಹೋಗಬಾರದು. ಅಂಥವರು ದಿಢೀರ್ ನಿಲ್ಲಿಸಿದರೆ ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಶಬರಿಮಲೆಗೆ ಮಾಲೆ ಹಾಕಿ ಒಮ್ಮೆಲೇ ಬಿಡುವವರೂ ಇದನ್ನು ತಿಳಿದಿರಬೇಕು. ಮೊದಲು ಡಾಕ್ಟರನ್ನು ಕಾಣಿ. ಲಿವರ್ ತೊಂದರೆ ಇದ್ದವರಿಗೆ ಕಡಿಮೆ ಮಾಡುವುದು ಸಾಲದು, ಪೂರ್ತಿ ಬಿಡಬೇಕು.

ಉಳಿದವರು ಮೊದಲ ವಾರ ಏನನ್ನೂ ಬದಲಿಸಬೇಡಿ, ಸುಮ್ನೆ ಬರೆದಿಡಿ. ವಿಸ್ಕಿ, ಬ್ರಾಂಡಿ, ರಮ್ ಯಾವುದಾದರೂ 30 ಎಂಎಲ್‌ಗೆ ಒಂದು ಅಂಕ. ಅದರಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ನೈಂಟಿಗೆ ಮೂರು, ಕ್ವಾರ್ಟರ್‌ಗೆ ಆರು. ಶೇ 8ರ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿಗೆ ನಾಲ್ಕು. ‘ನಾನು ಬಿಯರ್ ಮಾತ್ರ’ ಅಂತ ಇಂಥ ಒಂದು ಬಾಟಲಿ ಮುಗಿಸಿದವರು ನೈಂಟಿಗಿಂತ ಜಾಸ್ತಿಯೇ ಕುಡಿದಿರುತ್ತಾರೆ. ಸೋಡಾ ಎಷ್ಟು ಬೆರೆಸಿದರೂ ಅಂಕ ಇಳಿಯುವುದಿಲ್ಲ. ಗ್ಲಾಸಿಗೆ ಸುರಿಯುವಾಗಲೇ ಬರೆಯಬೇಕು. ಮರುದಿನ ನೆನಪಿಸಿಕೊಂಡು ಬರೆದ ಲೆಕ್ಕ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ.

ಸುರತ್ಕಲ್‌ನ ಒಬ್ಬ ಅಂಗಡಿಯವರು ಅಂದುಕೊಳ್ಳಿ. ಸೋಮವಾರದಿಂದ ಶುಕ್ರವಾರ ದಿನಾ ಒಂದು ನೈಂಟಿ: 15. ಶನಿವಾರ ಕ್ವಾರ್ಟರ್: 6. ಭಾನುವಾರ ಮೀನೂಟಕ್ಕೆ ಮುಂಚೆ ಒಂದು ಸ್ಟ್ರಾಂಗ್ ಬಿಯರ್, ರಾತ್ರಿ ನೈಂಟಿ: 7. ವಾರಕ್ಕೆ 28 ಅಂಕ.

ಎರಡನೇ ವಾರದಿಂದ ಮಂಗಳವಾರ, ಗುರುವಾರ ಕುಡಿಯದ ದಿನ. ಲೆಕ್ಕ 22ಕ್ಕೆ ಇಳಿಯಿತು. ಇಲ್ಲಿ ಬುಧವಾರದ ಮೇಲೆ ಕಣ್ಣಿಡಬೇಕು. ಆ ದಿನ ಮೂರಿದ್ದದ್ದು ಐದಾದರೆ ಮಂಗಳವಾರದ್ದನ್ನು ಬುಧವಾರ ತೀರಿಸಿಕೊಂಡರು ಅಂತಲೇ ಅರ್ಥ. ಅದಕ್ಕೇ ವಾರದ ಮಿತಿಯ ಜೊತೆಗೆ ದಿನದ ಮಿತಿಯೂ ಬೇಕು. ಎರಡು ವಾರ 22ರಲ್ಲೇ ನಿಂತರೆ ಭಾನುವಾರ ರಾತ್ರಿಯ ನೈಂಟಿ ಬಿಡುವುದು: 19. ಮತ್ತೆರಡು ವಾರ ಕಳೆದ ಮೇಲೆ ಶನಿವಾರದ ಕ್ವಾರ್ಟರ್ 120 ಎಂಎಲ್‌ಗೆ, ಉಳಿದ ಮೂರು ದಿನದ ನೈಂಟಿ 60ಕ್ಕೆ: 14. ಇದು ಅಪಾಯವಿಲ್ಲದ ಮಟ್ಟ ಅಂತಲ್ಲ, ಮುಂದಿನ ಇಳಿಕೆಗೆ ಒಂದು ಮೆಟ್ಟಿಲು ಅಷ್ಟೇ.

ವೈನ್ ಶಾಪ್‌ನಿಂದ ಕ್ವಾರ್ಟರ್ ತಂದು ಅರ್ಧ ಉಳಿಸುತ್ತೇನೆ ಅನ್ನುವುದು ನಡೆಯುವ ಮಾತಲ್ಲ. ಮುಚ್ಚಳ ತೆಗೆದ ಬಾಟಲಿ ಅಂದೇ ಖಾಲಿಯಾಗುತ್ತದೆ, ಅಲ್ವಾ? ನೈಂಟಿಯನ್ನೇ ತನ್ನಿ. ಕುಡಿಯದ ದಿನ ಅದೂ ಮನೆಯಲ್ಲಿರಬಾರದು.

ನಮ್ಮ ಕಡೆ ಲೆಕ್ಕ ಕೆಡುವುದು ಹೆಚ್ಚಾಗಿ ಮದರಂಗಿ ರಾತ್ರಿ. ಅಲ್ಲಿ ಗ್ಲಾಸ್ ಖಾಲಿಯಾಗುವ ಮೊದಲೇ ಯಾರೋ ತುಂಬಿಸುತ್ತಾರೆ, ಎಣಿಕೆ ತಪ್ಪುತ್ತದೆ. ಪೂರ್ತಿ ಖಾಲಿಯಾಗುವವರೆಗೆ ಸುರಿಯಲು ಬಿಡಬೇಡಿ, ಊಟ ಮೊದಲು ಮಾಡಿ. ಮಿತಿ ದಾಟಿದರೆ ದಾಟಿದ್ದನ್ನೇ ಬರೆದು, ಮರುದಿನದಿಂದ ಹಳೆಯ ಮಿತಿಗೇ ಮರಳಿ. ಮಾಮೂಲಿ ವಾರಗಳಲ್ಲೂ ಮಿತಿ ಪದೇ ಪದೇ ಮುರಿಯುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬರೆದಿಟ್ಟ ಪುಸ್ತಕ ಕೈಯಲ್ಲಿರಲಿ, ಎಷ್ಟು ಕುಡಿಯುತ್ತೀರಿ ಅಂತ ಅವರು ಕೇಳಬಹುದು.