ಎಲೆಯ ಮೇಲಿನ ಗಂಟು ಹುಳುವಿನದೋ ರೋಗದ್ದೋ? ಫೋಟೊದಲ್ಲಿ ಗುರುತಿಸುವ ಬಗೆ

ಸಿಂಧನೂರಿನ ಕಡೆಯ ರೈತರೊಬ್ಬರು ಬದುವಿನ ಮೇಲಿರುವ ಹೊಂಗೆ ಮರದ ಎಲೆಯ ಫೋಟೊ ಕಳುಹಿಸಿ, ‘ಎರಡು ಸಲ ಶಿಲೀಂಧ್ರನಾಶಕ ಹೊಡದ್ರೂ ಗುಳ್ಳಿ ಹೋಗವಲ್ವು ರೀ’ ಎಂದು ಬರೆದಿದ್ದರು. ಎಲೆಯ ತುಂಬ ಬೆರಳಿನಂತೆ ಎದ್ದು ನಿಂತ ಹಸಿರು ಗಂಟುಗಳಿದ್ದವು. ಆದರೆ ನಡುಮಧ್ಯಾಹ್ನದ ಬಿಸಿಲಿನಲ್ಲಿ ಮೇಲಿನಿಂದ ತೆಗೆದ ಆ ಒಂದೇ ಫೋಟೊ ನೋಡಿ ಕಾರಣ ಹೇಳುವಂತಿರಲಿಲ್ಲ. ಗಂಟಿನ ಗುಟ್ಟು ಅದರ ಹೊರಮೈಯಲ್ಲಿ ಅಲ್ಲ, ಒಳಗೆ ಇರುತ್ತದೆ.

ಮೊದಲು ಫೋಟೊ. ರಾಯಚೂರಿನ ಬಿಸಿಲಿಗೆ ಬಣ್ಣಗಳೆಲ್ಲ ಬಿಳಚಿಕೊಳ್ಳುವುದರಿಂದ ಬೆಳಿಗ್ಗೆ ನೆರಳಿನಲ್ಲಿ, ಫ್ಲ್ಯಾಶ್ ಹಾಕದೆ ತೆಗೆಯಬೇಕು. ಇಡೀ ಟೊಂಗೆ, ಎಲೆಯ ಮೇಲ್ಮೈ, ಎಲೆಯ ಬೆನ್ನು ಹೀಗೆ ಮೂರು ಚಿತ್ರಗಳು ಬೇಕು. ಅಳತೆಗೆ ನಾಣ್ಯ ಬೇಡ; ಒಂದೇ ಬೆಲೆಯ ನಾಣ್ಯವೂ ಬೇರೆ ಬೇರೆ ಗಾತ್ರಗಳಲ್ಲಿ ಚಲಾವಣೆಯಲ್ಲಿದೆ. ಶಾಲೆಯ ಮಕ್ಕಳ ಸ್ಕೇಲನ್ನು ಪಕ್ಕದಲ್ಲಿಡಿ. ಫೋನಿಗೆ ಸಿಕ್ಕಿಸುವ ಅಗ್ಗದ ಮ್ಯಾಕ್ರೊ ಲೆನ್ಸ್‌ಗಳಲ್ಲಿ ಚಿತ್ರದ ಅಂಚೆಲ್ಲ ಮಸುಕಾಗುತ್ತದೆ, ಅದಕ್ಕೆ ಹಣ ಹಾಕಬೇಡಿ. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರವನ್ನು ಕ್ಯಾಮೆರಾಕ್ಕೆ ಒತ್ತಿ ಹಿಡಿದರೆ ಸಾಕು. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವಾಗ ಫೋಟೊ ಎಂದಲ್ಲದೆ ಡಾಕ್ಯುಮೆಂಟ್ ಎಂದು ಆರಿಸಿ, ಇಲ್ಲವಾದರೆ ಸೂಕ್ಷ್ಮ ವಿವರಗಳು ಅಳಿಸಿಹೋಗುತ್ತವೆ.

ಮುಂದಿನದು ಗಂಟನ್ನು ಸೀಳುವ ಕೆಲಸ. ಬಹುಪಾಲು ಜನ ಎಡವುವುದು ಇಲ್ಲಿಯೇ. ಉಗುರಿನಿಂದ ಚಿವುಟಿದರೆ ಅಥವಾ ಮೊಂಡ ಚಾಕುವಿನಿಂದ ಒತ್ತಿದರೆ ಒಳಗಿನ ಹುಳು ಜಜ್ಜಿಹೋಗಿ, ಉಳಿದ ಲೋಳೆಯನ್ನು ಕೊಳೆತ ರೋಗವೆಂದು ತಿಳಿಯುವಂತಾಗುತ್ತದೆ. ಹೊಸ ಶೇವಿಂಗ್ ಬ್ಲೇಡ್ ತೆಗೆದುಕೊಳ್ಳಿ. ಗಂಟಿನ ನಡುವಿಗೆ ನೇರವಾಗಿ ಕೈಹಾಕದೆ ಒಂದು ಪಕ್ಕದಿಂದ ತೆಳ್ಳಗೆ ಹೆರೆಯುತ್ತ ಬನ್ನಿ; ಒಳಗೆ ಕೋಣೆ ಇದ್ದರೆ ಅದು ತಾನಾಗಿ ತೆರೆದುಕೊಳ್ಳುತ್ತದೆ. ಸೀಳು ಗಂಟಿನ ತುದಿಯಿಂದ ಎಲೆಯ ಬೆನ್ನಿನವರೆಗೂ ಉದ್ದಕ್ಕೆ ಸಾಗಬೇಕು, ಏಕೆಂದರೆ ಒಳಗಿನ ಪೊಳ್ಳಿಗೆ ಹೊರಗಿನ ಬಾಯಿ ಇದೆಯೇ ಎಂಬುದು ಹಾಗೆ ಕೊಯ್ದಾಗ ಮಾತ್ರ ಕಾಣುತ್ತದೆ. ಕೊಯ್ದ ಭಾಗ ಕಂದುಗಟ್ಟುವ ಮೊದಲೇ ಫೋಟೊ ತೆಗೆದು, ಹತ್ತು ಸೆಕೆಂಡು ಬಿಟ್ಟು ಅದೇ ಜಾಗದಿಂದ ಇನ್ನೊಂದು ತೆಗೆಯಿರಿ. ಎರಡನ್ನೂ ಹೋಲಿಸಿದಾಗ ಬಿಳಿಯ ಚುಕ್ಕೆಯೊಂದು ಸರಿದಿದ್ದರೆ ಅದು ಜೀವಂತ ಮರಿಹುಳು. ಒಂದೇ ಗಂಟನ್ನು ನಂಬದೆ ಎಳೆಯ, ಬಲಿತ, ಒಣಗಿದ ಗಂಟುಗಳನ್ನೆಲ್ಲ ಸೇರಿಸಿ ಐದಾರನ್ನಾದರೂ ಸೀಳಿ ನೋಡಬೇಕು.

ಈಗ ಓದುವುದು. ನಿಶ್ಚಿತ ಆಕಾರದ ಕೋಣೆಯಿದ್ದು ಅದರಲ್ಲಿ ಕಾಲಿಲ್ಲದ ಮರಿ ಕಂಡರೆ ಅದು ಗಂಟುನೊಣ ಅಥವಾ ಸಣ್ಣ ಕಣಜದ ಕೆಲಸ. ಅತ್ತಿಯ ಎಲೆಯ ಗಂಟಿನಲ್ಲಿ ಕಾಲುಳ್ಳ ಮರಿಕೀಟ ಸಿಗುತ್ತದೆ. ಶಿಲೀಂಧ್ರದ ಊತದಲ್ಲಿ ಇಂತಹ ಕೋಣೆ ಇರುವುದಿಲ್ಲ. ಜಾಜಿಮಲ್ಲಿಗೆಗೆ ತುಕ್ಕು ರೋಗ ತಗಲಿದಾಗ ಎಳೆಯ ಕುಡಿ ದಪ್ಪಗೆ ಊದಿ ತಿರುಚಿಕೊಳ್ಳುತ್ತದೆ, ಕೊಯ್ದರೆ ಒಳಗೆಲ್ಲ ಗಟ್ಟಿ ತಿರುಳೇ ಇರುತ್ತದೆ, ಮೇಲಿನ ಸಣ್ಣ ಗುಳ್ಳೆಗಳು ಒಡೆದು ಹಳದಿ ಪುಡಿ ಉದುರುತ್ತದೆ. ಬೆರಳಿಗೆ ಅಂಟಿದ ಆ ಪುಡಿಯ ಫೋಟೊ ಕೂಡ ಒಳ್ಳೆಯ ಸಾಕ್ಷ್ಯ. ಬ್ಯಾಕ್ಟೀರಿಯಾದಿಂದಾಗುವ ಗಂಟು ಗುಲಾಬಿ, ದ್ರಾಕ್ಷಿಗಳಲ್ಲಿ ಹೆಚ್ಚಾಗಿ ನೆಲಮಟ್ಟದ ಬುಡದಲ್ಲಿ ಒಡ್ಡೊಡ್ಡಾಗಿ ಬೆಳೆಯುತ್ತದೆ. ಅದರಲ್ಲಿ ಕೋಣೆಯೂ ಇಲ್ಲ, ಪುಡಿಯೂ ಇಲ್ಲ. ಇದನ್ನು ಫೋಟೊದಿಂದ ಊಹಿಸಬಹುದೇ ಹೊರತು ಖಚಿತಪಡಿಸಲು ಪ್ರಯೋಗಾಲಯದ ಪರೀಕ್ಷೆಯೇ ಬೇಕು.

ಎರಡು ಕಡೆ ಎಚ್ಚರವಿರಲಿ. ಹುಳು ಹೊರಟುಹೋದ ಹಳೆಯ ಗಂಟು ಸತ್ತು ಕಪ್ಪಾಗಿ, ಅದರ ಮೇಲೆ ಬೂಷ್ಟು ಬೆಳೆಯುತ್ತದೆ. ಆ ಬೂಷ್ಟು ಆಮೇಲೆ ಬಂದದ್ದೇ ಹೊರತು ಗಂಟಿಗೆ ಕಾರಣವಲ್ಲ. ಹುಳು ಹೊರಬಿದ್ದ ದುಂಡನೆಯ ರಂಧ್ರ ಅಲ್ಲೇ ಇದೆಯೇ ಎಂದು ಹುಡುಕಿ. ಎರಡನೆಯದು, ಕೋಣೆ ಖಾಲಿ ಕಂಡಿತೆಂದು ಜೀವಿಯೇ ಇಲ್ಲವೆಂದು ತೀರ್ಮಾನಿಸಬಾರದು.

ಆ ರೈತರ ಎಲೆಯಲ್ಲಿ ಆದದ್ದು ಇದೇ. ನಾನು ಕೇಳಿದ ಮೇಲೆ ಅವರು ಗಂಟನ್ನು ಉದ್ದಕ್ಕೆ ಸೀಳಿ ಕಳುಹಿಸಿದ ಫೋಟೊದಲ್ಲಿ ಪ್ರತಿ ಬೆರಳೂ ಪೊಳ್ಳಾಗಿತ್ತು, ಎಲೆಯ ಇನ್ನೊಂದು ಮಗ್ಗುಲಿನಲ್ಲಿ ಅದರ ಕಿರಿದಾದ ಬಾಯಿಯಿತ್ತು, ಪುಡಿ ಎಲ್ಲಿಯೂ ಇರಲಿಲ್ಲ. ಹೊಂಗೆಯಲ್ಲಿ ಇದು ನುಸಿಯ ಗುರುತು. ನುಸಿ ಕೀಟವಲ್ಲ, ಜೇಡದ ಬಳಗದ್ದು, ಸುಮಾರು 0.2 ಮಿಲಿಮೀಟರ್ ಉದ್ದದ ಈ ನುಸಿ ಫೋನಿನ ಕಣ್ಣಿಗೆ ಬೀಳುವುದಿಲ್ಲ. ಶಿಲೀಂಧ್ರನಾಶಕಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ. ಮೇಲಾಗಿ ಗಂಟು ಎಂಬುದು ಎಲೆಯದೇ ಅಂಗಾಂಶ ಬೆಳೆದು ಆದದ್ದು. ನುಸಿ ಸತ್ತರೂ ಎಲೆ ಉದುರುವವರೆಗೆ ಅದು ಹಾಗೆಯೇ ಉಳಿಯುತ್ತದೆ. ಬೆಳೆದ ಮರಕ್ಕೆ ಏನನ್ನೂ ಹೊಡೆಯಬೇಡಿರೆಂದೂ, ನಾಟಿಗೆ ಇಟ್ಟುಕೊಂಡ ಸಸಿಗಳಲ್ಲಿ ಮಾತ್ರ ಗಂಟು ಮೂಡಿದ ಎಳೆಯ ಎಲೆಗಳನ್ನು ಕಿತ್ತು ದೂರ ಹಾಕಿರೆಂದೂ ಅವರಿಗೆ ತಿಳಿಸಿದೆ.