ತೊಟ್ಟಿಲ ಕಂಬಿ ಎಷ್ಟು ಹತ್ತಿರ? ಹಾಸಿಗೆ ಎಷ್ಟು ಬಿಗಿ?

ಅಟ್ಟದ ಮೇಲಿದ್ದ ಹಳೇ ಮರದ ತೊಟ್ಟಿಲನ್ನೋ ಕಾಟನ್ನೋ ಕೆಳಗಿಳಿಸಿ, ಒರೆಸಿ, ಪಾಲಿಶ್ ಹೊಡೆಸುವ ಮನೆಗಳು ನಮ್ಮಲ್ಲಿ ಜಾಸ್ತಿ. 'ನಾವೆಲ್ಲ ಇದರಲ್ಲೇ ಮಲಗಿ ಬೆಳೆದಿಲ್ವಾ' ಎಂದು ಅಜ್ಜಿ ಕೇಳುತ್ತಾರೆ. ಪಾಲಿಶ್‌ಗೆ ಮೊದಲು ಒಂದು ಸ್ಕೇಲ್ ಹಿಡಿದು ಕಂಬಿಗಳ ನಡುವಿನ ಜಾಗ ಅಳೆಯಿರಿ.

ಎಳೆ ಮಗುವಿನ ಮೈಗಿಂತ ತಲೆ ದಪ್ಪ. ತಲೆ ಹಿಡಿಸದ ಸಂದಿನಲ್ಲೂ ಕಾಲು, ಸೊಂಟ, ಎದೆ ಜಾರಿ ಹೊರಗೆ ಹೋಗುತ್ತವೆ. ಆಗ ಮಗು ಕುತ್ತಿಗೆಯಲ್ಲಿ ನೇತಾಡುತ್ತದೆ. ಹಾಗಾಗಿ 'ತಲೆ ತೂರಲ್ಲ ಬಿಡಿ' ಎಂಬ ಲೆಕ್ಕ ಇಲ್ಲಿ ನಡೆಯಲ್ಲ. ಸೊಂಟವೂ ತೂರಬಾರದು. ಅಮೆರಿಕದ ನಿಯಮದಲ್ಲಿ ಈ ಸಂದು 60 ಮಿಲಿಮೀಟರ್ ಮೀರುವಂತಿಲ್ಲ. ಯುರೋಪಿನಲ್ಲಿ 45ರಿಂದ 65 ಮಿ.ಮೀ. ಒಳಗಿರಬೇಕು. ನೀವು 60ಕ್ಕೆ ನಿಲ್ಲಿಸಿಬಿಟ್ಟರೆ ಎರಡಕ್ಕೂ ಸರಿ.

ಅಳೆಯುವುದು

ದಪ್ಪ ರಟ್ಟಿನ ಹಲವು ಪದರ ಅಂಟಿಸಿ, ಸರಿಯಾಗಿ 60 ಮಿ.ಮೀ. ಅಗಲದ ಗಟ್ಟಿ ತುಂಡು ಮಾಡಿಕೊಳ್ಳಿ. ಅದನ್ನು ಪ್ರತಿ ಸಂದಿಗೂ ಹಿಡಿದು ನೋಡಿ. ಸಲೀಸಾಗಿ ತೂರಿದರೆ ಸಂದು ದೊಡ್ಡದು. ತಂಪು ಪಾನೀಯದ ಕ್ಯಾನ್ ತೂರಿಸಿ ನೋಡಿ ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಅದು ಅಮೆರಿಕದ ದಪ್ಪ ಕ್ಯಾನ್‌ಗೆ ಹೇಳಿದ ಮಾತು. ನಮ್ಮಲ್ಲಿ ಸಿಗುವ ಉದ್ದನೆಯ ಸಣ್ಣ ಕ್ಯಾನ್ ಸರಿಯಾದ ಸಂದಿನಲ್ಲೂ ತೂರೀತು.

ಒಂದು ಸಲ ನೋಡಿದ್ದೇ ಸಾಕಾಗದು. ಒಬ್ಬರು ಪಕ್ಕಪಕ್ಕದ ಎರಡು ಕಂಬಿಗಳನ್ನು ಬಲವಾಗಿ ಅಗಲಿಸಿ ಹಿಡಿಯಲಿ, ಇನ್ನೊಬ್ಬರು ರಟ್ಟು ತೂರಿಸಲಿ. ಹಳೇ ಕಾಟ್‌ನ ಕಂಬಿಗಳು ಬುಡದಲ್ಲಿ ಸಡಿಲಾಗಿದ್ದರೆ ಗೊತ್ತಾಗುವುದು ಆಗಲೇ. ಮಗು ಒದೆಯುವಾಗಲೂ ಕಂಬಿ ಹೀಗೇ ಅಗಲುತ್ತದೆ.

ಬಡಗಿಗೆ ಏನು ಹೇಳಬೇಕು

ಹೊಸದು ಮಾಡಿಸುತ್ತಿದ್ದರೆ 'ಕಂಬಿ ಹತ್ತಿರ ಹತ್ತಿರ ಹಾಕಿ' ಎಂದು ಬಿಡಬೇಡಿ. ಎಷ್ಟು ಕಂಬಿ ಎಂದು ಲೆಕ್ಕ ಹಾಕಿ ಕೊಡಿ. ಒಳ ಉದ್ದ 1200 ಮಿ.ಮೀ., ಕಂಬಿಯ ದಪ್ಪ 25 ಮಿ.ಮೀ. ಎಂದುಕೊಳ್ಳೋಣ. 14 ಕಂಬಿ ಸೇರಿ 350 ಮಿ.ಮೀ. ತಿಂದವು. ಉಳಿದ 850 ಮಿ.ಮೀ. 15 ಸಂದುಗಳಿಗೆ ಹಂಚಿಹೋಗುತ್ತದೆ. ಒಂದೊಂದು ಸಂದಿಗೆ ಸುಮಾರು 57, ಅಂದರೆ ಬಡಗಿಯ ಟೇಪಿನಲ್ಲಿ ಎರಡೂಕಾಲು ಇಂಚು. ಒಂದು ಕಂಬಿ ಉಳಿಸಲು ಹೋಗಿ 13 ಹಾಕಿದರೆ ಸಂದು 62 ದಾಟುತ್ತದೆ. ಅಳತೆ ಕಂಬಿಯ ಅಂಚಿನಿಂದ ಮುಂದಿನ ಕಂಬಿಯ ಅಂಚಿಗೆ ಇರಲಿ, ನಡುವಿನಿಂದ ನಡುವಿಗಲ್ಲ. ಈ ಮಾತು ಎರಡು ಸಲ ಹೇಳಿದರೂ ತಪ್ಪಿಲ್ಲ.

ಹಳೇ ಕಾಟ್‌ನಲ್ಲಿ ಅದೇ ಉದ್ದಕ್ಕೆ 10 ಕಂಬಿ ಇದ್ದರೆ ಸಂದು 86 ಮಿ.ಮೀ. ಮಧ್ಯೆ ಒಂದೊಂದು ಕಂಬಿ ಸೇರಿಸಿಬಿಡೋಣ ಅನ್ನಿಸುತ್ತದೆ, ಅಲ್ವಾ? ಆಗ ಸಂದು 30ಕ್ಕೆ ಇಳಿಯುತ್ತದೆ. ಮಗುವಿನ ಕೈಕಾಲು ಹೋಗಿ ಸಿಕ್ಕಿಕೊಳ್ಳುವ ಅಳತೆ ಅದು. ಯುರೋಪಿನ ನಿಯಮ 45ಕ್ಕಿಂತ ಕಡಿಮೆ ಬೇಡ ಅನ್ನುವುದು ಇದಕ್ಕೇ. ಆ ಪಕ್ಕವನ್ನೇ ಬಿಚ್ಚಿ 14 ಕಂಬಿಯಲ್ಲಿ ಮತ್ತೆ ಕಟ್ಟಿಸುವುದು ಸರಿಯಾದ ದಾರಿ. ಸಂದು ಮುಚ್ಚಲು ಸುತ್ತ ದಿಂಬಿನಂಥ ಪ್ಯಾಡ್ ಕಟ್ಟುವುದಂತೂ ಬೇಡವೇ ಬೇಡ. ಮುಖ ಅದಕ್ಕೆ ಒತ್ತಿಕೊಂಡು ಉಸಿರು ಕಟ್ಟುತ್ತದೆ ಎಂದೇ ಅಮೆರಿಕ 2022ರಲ್ಲಿ ಅವುಗಳ ಮಾರಾಟವನ್ನು ನಿಷೇಧಿಸಿತು.

ಹಾಸಿಗೆ

ಕಾಟ್ ಮುಗಿದ ಮೇಲೆಯೇ ಹಾಸಿಗೆ ಹೊಲಿಸಿ. ಹಾಸಿಗೆಯ ಅಂಚಿಗೂ ಕಾಟ್‌ನ ಪಕ್ಕಕ್ಕೂ ಜಾಗ ಇದ್ದರೆ ಮಗು ಉರುಳಿ, ಮುಖ ಅಲ್ಲಿ ಸಿಕ್ಕಿಕೊಳ್ಳಬಹುದು. ಕತ್ತು ಎತ್ತಿ ಈಚೆ ಬರುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ.

ಪರೀಕ್ಷೆ ಹೀಗೆ: ಹಾಸಿಗೆಯನ್ನು ಒಂದು ಪಕ್ಕಕ್ಕೆ ಪೂರ್ತಿ ತಳ್ಳಿ, ಎದುರು ಪಕ್ಕದ ಸಂದು ನೋಡಿ. ನಾಲ್ಕೂ ಕಡೆ ಹೀಗೇ ಮಾಡಿ. ಎರಡು ಬೆರಳು ಜೋಡಿಸಿ ತೂರಿಸಿದರೆ ಸಲೀಸಾಗಿ ಹೋಗಬಾರದು. ಯುರೋಪಿನ ಮಿತಿ 30 ಮಿ.ಮೀ. ಆಮೇಲೆ ಅಂಚನ್ನು ಅಂಗೈಯಿಂದ ಒತ್ತಿ ಮತ್ತೆ ನೋಡಿ. ಮೆತ್ತನೆ ಫೋಮ್ ಅಥವಾ ಹಳೇ ಹತ್ತಿ ಹಾಸಿಗೆ ಅಂಚಿನಲ್ಲಿ ಕುಸಿದು, ಇಲ್ಲದ ಸಂದನ್ನು ಮಾಡಿಕೊಡುತ್ತದೆ. ಗಟ್ಟಿ ಹಾಸಿಗೆಯೇ ಇರಲಿ.

120 × 60 ಸೆಂ.ಮೀ. ಒಳ ಅಳತೆಯ ಕಾಟ್‌ಗೆ ಅಂಗಡಿಯಲ್ಲಿ ಸಿದ್ಧವಿದ್ದ 115 × 57ರ ಹಾಸಿಗೆ ತಂದರೆ, ತಳ್ಳಿದಾಗ ತಲೆಯ ಕಡೆ 5 ಸೆಂ.ಮೀ. ಬಾಯಿ ತೆರೆಯುತ್ತದೆ. ಅಲ್ಲಿ ಸೀರೆ ಸುತ್ತಿ ತುರುಕುವುದು ಪರಿಹಾರವಲ್ಲ, ಆ ಬಟ್ಟೆ ಮಗುವಿನ ಮುಖಕ್ಕೇ ಬರುತ್ತದೆ. ಒಳ ಉದ್ದ, ಅಗಲವನ್ನು ಮೂರು ಕಡೆ ಅಳೆದು, ಚೀಟಿಯಲ್ಲಿ ಬರೆದು ಹಾಸಿಗೆ ಅಂಗಡಿಗೆ ಕೊಡಿ. ಕವರ್ ಹಾಕಿದ ಮೇಲಿನ ಅಳತೆ ಬೇಕು ಎಂದು ಅದೇ ಚೀಟಿಯಲ್ಲಿ ಬರೆಯಿರಿ. ಕವರ್ ಒಗೆದು ಕುಗ್ಗಿದರೆ ಹಾಸಿಗೆಯ ಮೂಲೆಗಳು ಮೇಲಕ್ಕೆ ಮುದುಡುತ್ತವೆ, ಆ ದಿನ ಬೆರಳಿನ ಪರೀಕ್ಷೆ ಇನ್ನೊಮ್ಮೆ ಮಾಡಿ.