ಬ್ಯಾಡಗಿ ಖಾರದ ಪುಡಿ: ಬಲ್ಕ್ ಅಪ್‌ಲೋಡ್‌ಗೆ ಮುಂಚೆ ಇಷ್ಟು ನೋಡ್ರಿ

ಆನ್‌ಲೈನ್‌ನಾಗ ಮಾರಾಕ ಸರಕಿನ ಪಟ್ಟಿ ಒಮ್ಮೆಲೆ ಏರಿಸೋ ಎಕ್ಸೆಲ್ ಟೆಂಪ್ಲೇಟಿನ ಕಾಲಂ ಹೆಸರು ಮುಟ್ಟಬ್ಯಾಡ್ರಿ, ನಿಮ್ಮ ಪಟ್ಟಿಯನ್ನೇ ಅದಕ್ಕ ಹೊಂದಿಸ್ರಿ. ನಮ್ಮ ಅಂಗಡಿ ಪಟ್ಟಿಯಾಗ “ಪಾವ್ ಕಿಲೋ”, “250 ಗ್ರಾಂ” ಅಂತ ಒಂದೇ ಸೆಲ್‌ನಾಗ ಇರ್ತದ. ಟೆಂಪ್ಲೇಟಿನಾಗ ತೂಕ, ಯೂನಿಟ್ ಬ್ಯಾರೆ ಬ್ಯಾರೆ ಇದ್ರ, ಒಂದರಾಗ ಬರೀ 250 ಬರೆದು, ಇನ್ನೊಂದರಾಗ ಡ್ರಾಪ್‌ಡೌನ್‌ನಿಂದ ಗ್ರಾಂ ಆರಿಸ್ರಿ. ಕಿಲೋಗ್ರಾಂ ಅಷ್ಟೇ ಇದ್ರ 0.25. ಇಲ್ಲಾಂದ್ರ 250 ಕಿಲೋದ ಪ್ಯಾಕೆಟ್ ಆಗಿ ಕೂಡ್ತದ!

ಕೆಟಗರಿ ಹೆಸರು ಕೈಯಿಂದ ಟೈಪ್ ಮಾಡಬ್ಯಾಡ್ರಿ, ಟೆಂಪ್ಲೇಟಿನ ಪಟ್ಟಿಯಿಂದನ ಆರಿಸ್ರಿ. ಕೊನೀಗೆ ಒಂದು ಸ್ಪೇಸ್ ಉಳಿದ್ರೂ ಸಾಲು ರಿಜೆಕ್ಟ್ ಆಗಬಹುದು, ಕಣ್ಣಿಗೆ ಮಾತ್ರ ಕಾಣಂಗಿಲ್ಲ.

ಖಾರದ ಪುಡಿ ಎಚ್‌ಎಸ್‌ಎನ್ ಕೋಡ್ 09042211. ಎಕ್ಸೆಲ್ ಮುಂದಿನ ಸೊನ್ನೆ ನುಂಗಿ 9042211 ಮಾಡ್ತದ. ಅದಕ್ಕ ಆ ಕಾಲಂ ಮೊದಲು ಟೆಕ್ಸ್ಟ್ ಫಾರ್ಮ್ಯಾಟಿಗೆ ಬದಲಿಸಿ, ಆಮ್ಯಾಲ ಕೋಡ್ ತುಂಬ್ರಿ. ತುಂಬಿದ ಮ್ಯಾಲ ಬದಲಿಸಿದ್ರ ಹೋದ ಸೊನ್ನೆ ತಿರುಗಿ ಬರಂಗಿಲ್ಲ.